ಕಾಕ ತಂದ ಸಂಬಂಧಕ್ಕೆ ಬೇಡ ಎನ್ನುವುದು ಹೇಗೆ?

ಭಾನುವಾರ ಸಂಜೆ ಕಾಕ ಮನೆಗೆ ಬಂದಿದ್ದಾರೆ. ಕೈಯಲ್ಲಿ ಸುಲೈಮಾನ್ ಉಸ್ಮಾನ್ ಅಂಗಡಿಯ ಮಿಠಾಯಿ ಪೊಟ್ಟಣ. ಚಹಾ ಕುಡಿದು, ಊರಿನ ಸುದ್ದಿ ಮಾತಾಡಿ, ಕೊನೆಗೆ ಉಮ್ಮನ ಕಡೆ ತಿರುಗಿ, "ಮಗಳಿಗೆ ಒಂದು ಒಳ್ಳೆ ಸಂಬಂಧ ಇದೆ" ಅನ್ನುತ್ತಾರೆ. ಬಾಪ ತಲೆಯಾಡಿಸುತ್ತಾರೆ. ಮಗಳು ಅಡುಗೆ ಮನೆಯ ಪರದೆಯ ಹಿಂದೆ ನಿಂತಿದ್ದಾಳೆ. ಮುಂಬೈ ಫ್ಲ್ಯಾಟಿನಲ್ಲಿ ಪರದೆಯ ಹಿಂದೆ ಅಂದರೆ ಆರು ಅಡಿ ದೂರ ಅಷ್ಟೇ, ಎಲ್ಲ ಕೇಳಿಸುತ್ತದೆ.

ಈ ದೃಶ್ಯ ನಿಮ್ಮ ಮನೆಯಲ್ಲೂ ನಡೆದಿರಬಹುದು, ಅಥವಾ ನಾಳೆ ನಡೆಯಬಹುದು. ಸಂಬಂಧ ಒಪ್ಪಿಗೆಯಾದರೆ ಸಮಸ್ಯೆಯೇ ಇಲ್ಲ. ಒಪ್ಪಿಗೆಯಾಗದಿದ್ದರೆ? "ಬೇಡ" ಎಂಬ ಎರಡಕ್ಷರವನ್ನು ಹೇಳಲಾಗದೆ ಆರು ತಿಂಗಳು ಎಳೆದಾಡಿ, ಕೊನೆಗೆ ಎರಡು ಮನೆಗಳೂ ಮಾತು ಬಿಟ್ಟದ್ದನ್ನು ನಾನು ಮುಂಬ್ರಾದಲ್ಲೂ ನೋಡಿದ್ದೇನೆ, ಮೀರಾ ರೋಡಿನಲ್ಲೂ ನೋಡಿದ್ದೇನೆ. ವಿಚಿತ್ರವೆಂದರೆ, ಅಲ್ಲೆಲ್ಲ ನೋವಾದದ್ದು ನಿರಾಕರಣೆಯಿಂದಲ್ಲ. ಹೇಳಿದ ರೀತಿಯಿಂದ, ಅಥವಾ ಹೇಳದೆ ಉಳಿದದ್ದರಿಂದ.

ಕರಾವಳಿಯಿಂದ ಮುಂಬೈಗೆ ಬಂದ ನಮ್ಮಂಥ ಕುಟುಂಬಗಳಲ್ಲಿ ಇದಕ್ಕೊಂದು ವಿಶೇಷ ಕಷ್ಟವಿದೆ. ಊರಿನಲ್ಲಿ ಸಂಬಂಧ ತರುವವರು ಹೆಚ್ಚಾಗಿ ನೆಂಟರೋ ಬ್ರೋಕರೋ ಆಗಿರುತ್ತಾರೆ. ಮುಂಬೈಯಲ್ಲಿ ಸಂಬಂಧ ತರುವ ಹಿರಿಯರು, ಎಷ್ಟೋ ಸಲ, ಬಾಪನಿಗೆ ಈ ಶಹರದಲ್ಲಿ ಮೊದಲ ಕೆಲಸ ಕೊಡಿಸಿದವರು. ರೈಲಿನಿಂದಲೋ ಬಸ್ಸಿನಿಂದಲೋ ಇಳಿದ ಹುಡುಗನನ್ನು ತಮ್ಮ ಖೋಲಿಗೆ ಕರೆದುಕೊಂಡು ಹೋಗಿ, ಹತ್ತು ಜನ ಮಲಗುವ ಜಾಗದಲ್ಲಿ ಹನ್ನೊಂದನೆಯವನಿಗೂ ಜಾಗ ಮಾಡಿಕೊಟ್ಟವರು. ಅಂಥವರು ಒಂದು ಸಂಬಂಧ ತಂದರೆ ಅದು ಬರೀ ಸಂಬಂಧವಲ್ಲ. ಅದರ ಹಿಂದೆ ಮೂವತ್ತು ವರ್ಷದ ಋಣ ನಿಂತಿರುತ್ತದೆ. ಕಾಕ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಾಪ ಮಾತ್ರ ಮರೆಯುವುದಿಲ್ಲ.

ಹಾಗಾಗಿ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಹಿರಿಯರ ಮಾತಿಗೆ ಇಲ್ಲವೆನ್ನುವುದು ಹಿರಿಯರಿಗೆ ಅಗೌರವವೇ?

ಬರೀರಾ(ರ) ಅವರ ಘಟನೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಇಬ್ನ್ ಅಬ್ಬಾಸ್(ರ) ಅವರ ವರದಿಯಾಗಿ ಇದು ಬುಖಾರಿಯಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಬರೀರಾರಿಗೆ ತಮ್ಮ ಪತಿ ಮುಗೀಸ್‌ರೊಂದಿಗೆ ಉಳಿಯುವ ಅಥವಾ ಬಿಡುವ ಆಯ್ಕೆ ಸಿಕ್ಕಿತು. ಅವರು ಬಿಡುವುದನ್ನು ಆರಿಸಿಕೊಂಡರು. ಮುಗೀಸ್ ಅಳುತ್ತಾ ಅವರ ಹಿಂದೆ ತಿರುಗುತ್ತಿದ್ದರು. ಪ್ರವಾದಿ(ಸ)ರಿಗೆ ಕನಿಕರವಾಗಿ, ನೀನು ಅವನ ಬಳಿಗೆ ಮರಳಬಾರದೇ ಎಂದು ಕೇಳಿದರು. ಬರೀರಾ ಕೇಳಿದ್ದು ಒಂದೇ ಪ್ರಶ್ನೆ: ಇದು ತಮ್ಮ ಆಜ್ಞೆಯೇ? ಅಲ್ಲ, ನಾನು ಶಿಫಾರಸು ಮಾಡುತ್ತಿದ್ದೇನೆ ಅಷ್ಟೇ ಎಂದರು ಪ್ರವಾದಿ(ಸ). ಹಾಗಾದರೆ ನನಗೆ ಅವರ ಅಗತ್ಯವಿಲ್ಲ ಎಂದು ಬರೀರಾ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು.

ಇದು ಹೊಸ ಸಂಬಂಧದ ಪ್ರಸ್ತಾಪವಲ್ಲ, ನಿಜ. ಆದರೆ ಈ ಲೇಖನಕ್ಕೆ ಬೇಕಾದ ಎರಡೂ ಸಂಗತಿಗಳು ಅದರಲ್ಲಿವೆ. ಒಂದು, ಶಿಫಾರಸು ಬೇರೆ, ಆಜ್ಞೆ ಬೇರೆ. ಕಾಕ ತಂದದ್ದು ಶಿಫಾರಸು. ಎರಡು, ಬರೀರಾ ಮುಗೀಸ್‌ರ ಒಂದು ಕೊರತೆಯನ್ನೂ ಪಟ್ಟಿ ಮಾಡಲಿಲ್ಲ. ಅವರ ಉತ್ತರ ಚಿಕ್ಕದಾಗಿತ್ತು, ತನ್ನ ಬಗ್ಗೆ ಮಾತ್ರ ಇತ್ತು. ಈ ಎರಡನೆಯ ಸಂಗತಿಯನ್ನೇ ನಾವು ಮರೆಯುವುದು.

ಈಗ ಒಂದು ಮನೆಯ ಕತೆ ಹೇಳುತ್ತೇನೆ. ನನಗೆ ಹತ್ತಿರದವರದ್ದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೀರಾ ರೋಡಿನ ಮನೆ. ಮಗಳಿಗೆ 24 ವರ್ಷ, ಅಂಧೇರಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಸಂಬಂಧ ತಂದವರು ಬಾಪನ ದೊಡ್ಡಪ್ಪನ ಮಗ, ಇಡೀ ಮನೆಗೆ ಅವರು 'ಕಾಕ'. ಹುಡುಗ ಕಾಕನ ಹೆಂಡತಿಯ ತಂಗಿಯ ಮಗ. ಮನೆ ಮುಂಬ್ರಾದಲ್ಲಿ, ಕುರ್ಲಾದಲ್ಲಿ ಸ್ವಂತ ಮೊಬೈಲ್ ಅಂಗಡಿ. ಒಳ್ಳೆಯ ಹುಡುಗ, ನಮಾಝಿ, ಬೀಡಿ ಸಿಗರೇಟಿನ ಅಭ್ಯಾಸ ಕೂಡ ಇಲ್ಲ. ಮಗಳಿಗೆ ಮನಸ್ಸಾಗಲಿಲ್ಲ. ಕಾರಣ ಕೇಳಿದರೆ ಅವಳು ಹೇಳಿದ್ದು, "ಫೋನಲ್ಲಿ ಎರಡು ಸಲ ಮಾತಾಡಿದೆ ಉಮ್ಮ, ಮಾತು ಸೇರಲಿಲ್ಲ." ಜೊತೆಗೆ, ಆ ಮನೆಯಲ್ಲಿ ಸೊಸೆಯಂದಿರು ಕೆಲಸಕ್ಕೆ ಹೋಗುವ ಪದ್ಧತಿ ಇಲ್ಲ ಅಂತಲೂ ತಿಳಿದುಬಂದಿತ್ತು.

ಬಾಪ ಏನು ಮಾಡಿದರು? ನಮ್ಮಲ್ಲಿ ಹೆಚ್ಚಿನವರು ಮಾಡುವುದನ್ನೇ. ಕಾಕ ಫೋನ್ ಮಾಡಿದಾಗ "ನೋಡೋಣ ಕಾಕಾ, ಇನ್‌ಶಾ ಅಲ್ಲಾಹ್" ಅಂದರು. ಎರಡನೇ ಸಲ ಫೋನ್ ಬಂದಾಗಲೂ ಅದೇ. ಮೂರನೇ ಸಲ ಮಗಳ ಪರೀಕ್ಷೆ ಒಂದಿದೆ, ಅದು ಮುಗಿಯಲಿ ಅಂದರು. ಕಾಕ ಅದನ್ನು ಹಾಗೆಯೇ ಮುಂಬ್ರಾಕ್ಕೆ ಮುಟ್ಟಿಸಿದರು. ಹುಡುಗನ ಮನೆಯವರು ಒಳ್ಳೆಯವರು ಅಂದೆನಲ್ಲ, ಅವರು ಸಂತೋಷದಿಂದ "ಪರವಾಗಿಲ್ಲ, ನಾವು ಕಾಯ್ತೇವೆ" ಅಂದರು. ಅಲ್ಲಿಗೆ ಬಾಪ ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು.

ಇಲ್ಲಿ ನಿಲ್ಲೋಣ. ಈ ಮನೆಯಲ್ಲಿ ಎರಡು ತಪ್ಪುಗಳಾಗಿದ್ದವು, ಎರಡೂ ಒಳ್ಳೆಯ ಉದ್ದೇಶದಿಂದ ಆದವು.

ಮೊದಲನೆಯದು ಮೌನ. ನಮ್ಮ ಸಂಪ್ರದಾಯದಲ್ಲಿ ಹೆಣ್ಣಿನ ಮೌನಕ್ಕೆ ಒಂದು ಅರ್ಥವಿದೆ. ಮದುವೆಯಾಗದ ಹೆಣ್ಣಿನ ಒಪ್ಪಿಗೆ ಕೇಳಬೇಕು, ನಾಚಿ ಮೌನವಾಗಿದ್ದರೆ ಆ ಮೌನವೇ ಒಪ್ಪಿಗೆ ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ನಾಚಿಕೆಯ ಹುಡುಗಿಗೆ ಹೌದು ಎನ್ನುವುದು ಸುಲಭವಾಗಲಿ ಎಂದು ಕೊಟ್ಟ ರಿಯಾಯಿತಿ ಅದು. ಇಷ್ಟವಿಲ್ಲದವಳು ಸುಮ್ಮನೆ ಕೂತರೆ ಅದೇ ರಿಯಾಯಿತಿ ಅವಳಿಗೆ ಮುಳುವಾಗುತ್ತದೆ. ಪರದೆಯ ಹಿಂದೆ ತಲೆ ತಗ್ಗಿಸಿ ನಿಂತ ಮಗಳನ್ನು ನೋಡಿ ಕಾಕ "ಮಾಶಾ ಅಲ್ಲಾಹ್, ನಾಚಿಕೆ" ಅಂದುಕೊಂಡರೆ ಅವರದ್ದೇನೂ ತಪ್ಪಿಲ್ಲ. ಅವರು ಓದಿದ್ದು ಸರಿಯಾಗಿಯೇ ಓದಿದರು, ಬರೆದವರು ನಾವು. ಅದಕ್ಕೇ ವಿದ್ಯಾರ್ಥಿನಿಯರಿಗೆ ನಾನು ಹೇಳುವುದಿಷ್ಟು: ನಿಮಗೆ ಮನಸ್ಸಿಲ್ಲದಿದ್ದರೆ ಕಾಕನ ಎದುರು ಮಾತಾಡಬೇಕಿಲ್ಲ, ಆದರೆ ಅದೇ ರಾತ್ರಿ ಉಮ್ಮನಿಗೋ ಬಾಪನಿಗೋ ಬಾಯಿಬಿಟ್ಟು ಹೇಳಿ. ಮುಖ ಸಪ್ಪೆ ಮಾಡಿಕೊಂಡು ಊಟ ಬಿಡುವುದು ಉತ್ತರವಲ್ಲ. ಮನೆಯವರು ಅದನ್ನು ಆಫೀಸಿನ ಟೆನ್ಶನ್ ಅಂತ ತಿಳಿಯುವ ಸಾಧ್ಯತೆಯೇ ಹೆಚ್ಚು.

ಎರಡನೆಯ ತಪ್ಪು, ಅವಧಿ ಇರುವ ನೆಪ. ಪರೀಕ್ಷೆ, ಓದು, ಅಣ್ಣನ ಮದುವೆ ಮೊದಲು ಆಗಬೇಕು, ಮನೆ ರಿಪೇರಿ, ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗಿದೆ - ಇವೆಲ್ಲ ಒಂದು ದಿನ ಮುಗಿಯುವ ಸಂಗತಿಗಳು. ಮುಗಿದ ಮರುದಿನ ಎದುರಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಆ ದಿನ ಹೊಸ ನೆಪ ಹುಡುಕಬೇಕು. ಇದಕ್ಕಿಂತ ದೊಡ್ಡ ಅನ್ಯಾಯ ಏನೆಂದರೆ ಅವರ ಸಮಯ ಹೋಗುತ್ತದೆ. ಒಬ್ಬನ ಪ್ರಸ್ತಾಪ ಬಾಕಿ ಇರುವಾಗ ಅದರ ಮೇಲೆ ಇನ್ನೊಬ್ಬನು ಪ್ರಸ್ತಾಪ ಮಾಡಬಾರದು, ಮೊದಲಿನವನು ಬಿಡಬೇಕು ಅಥವಾ ಅನುಮತಿಸಬೇಕು ಎಂದು ಹದೀಸ್ ಇದೆ. ಮರ್ಯಾದಸ್ಥ ಮನೆಗಳು ಇದನ್ನು ಎರಡೂ ಕಡೆಯಿಂದ ಪಾಲಿಸುತ್ತವೆ. ನೀವು "ನೋಡೋಣ" ಅಂದಿದ್ದೀರಿ ಎಂಬ ಒಂದೇ ಕಾರಣಕ್ಕೆ ಆ ಹುಡುಗನ ಉಮ್ಮ ಬೇರೆ ಕಡೆ ಹುಡುಗಿ ನೋಡುವುದನ್ನು ನಿಲ್ಲಿಸಿರುತ್ತಾರೆ. ನಾಲ್ಕು ತಿಂಗಳ ನಂತರ ನಿಮ್ಮ ಮಗಳಿಗೆ ಬೇರೆ ಕಡೆ ನಿಶ್ಚಯವಾದ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಅವರಿಗೆ ಗೊತ್ತಾದರೆ, ಆಗುವ ನೋವು "ಬೇಡ" ಎಂಬ ಮಾತಿನ ನೋವಿಗಿಂತ ಎಷ್ಟು ಪಾಲು ಹೆಚ್ಚು ಎಂದು ಯೋಚಿಸಿ.

ಇಲ್ಲಿ ಇನ್ನೊಂದು ನೆಪದ ಬಗ್ಗೆಯೂ ಹೇಳಿಬಿಡುತ್ತೇನೆ, ಕೆಲವರಿಗೆ ಇಷ್ಟವಾಗದಿರಬಹುದು. "ಇಸ್ತಿಖಾರಾ ಮಾಡಿದೆವು, ಬರಲಿಲ್ಲ." ಮುಂಬೈಯಲ್ಲಿ ಇದು ಈಗ ನಿರಾಕರಣೆಯ ಸಿದ್ಧ ವಾಕ್ಯವೇ ಆಗಿಬಿಟ್ಟಿದೆ. ನಿಜವಾಗಿ ನಮಾಝ್ ಮಾಡಿ, ದುಆ ಮಾಡಿ, ಮನಸ್ಸು ಸರಿದಿದ್ದರೆ ಹೇಳಬಹುದು, ತಪ್ಪಿಲ್ಲ. ಆದರೆ ಚಾಪೆಯನ್ನೇ ಹಾಸದೆ ಇಸ್ತಿಖಾರಾದ ಹೆಸರು ಹೇಳುವುದು ನಮ್ಮ ಸಂಕೋಚವನ್ನು ಅಲ್ಲಾಹನ ಮೇಲೆ ಹಾಕಿದಂತೆ. ಜಾಬಿರ್(ರ) ವರದಿ ಮಾಡಿರುವ ಇಸ್ತಿಖಾರಾದ ಹದೀಸಿನಲ್ಲಿ ಎರಡು ರಕಅತ್ ಇದೆ, ದುಆ ಇದೆ, ಕನಸಿನ ಪ್ರಸ್ತಾಪವೇ ಇಲ್ಲ. ಎದುರಿನ ಮನೆಯವರು ದಡ್ಡರಲ್ಲ. "ನಮ್ಮ ಹುಡುಗನ ಬಗ್ಗೆ ಏನು ಕೆಟ್ಟ ಕನಸು ಬಿತ್ತಂತೆ?" ಎಂದು ಕೇಳಿದ ಒಬ್ಬ ತಾಯಿಯನ್ನು ನಾನೇ ಸಮಾಧಾನ ಮಾಡಿದ್ದೇನೆ.

ಮತ್ತೆ ಮೀರಾ ರೋಡಿಗೆ ಬರೋಣ. ಪರೀಕ್ಷೆ ಮುಗಿಯಿತು. ಕಾಕ ಫೋನ್ ಮಾಡಿ, ಮುಂದಿನ ಭಾನುವಾರ ಹುಡುಗನ ಕಡೆಯವರು ಬಂದು ನೋಡಿಕೊಂಡು ಹೋಗಲಿ ಅಂದರು. ಆಗ ಉಮ್ಮ ಗಟ್ಟಿಯಾಗಿ ನಿಂತರು. ಹೆಣ್ಣು ನೋಡಲು ಬರುವ ಮೊದಲೇ ಹೇಳಿಬಿಡಬೇಕು, ಬಂದ ಮೇಲೆ ಅಲ್ಲ. ಅವರು ಹೇಳಿದ್ದು ಸರಿ. ನಿರಾಕರಣೆಯ ಬೆಲೆ ಪ್ರತಿ ಹಂತದಲ್ಲೂ ಏರುತ್ತದೆ. ಬರೀ ಬಾಯಿಮಾತಿನಲ್ಲಿದ್ದಾಗ ಬೇಡವೆಂದರೆ ಕಾಕನೊಬ್ಬರಿಗೆ ಗೊತ್ತು. ಫೋಟೋ, ಬಯೋಡೇಟಾ ಹೋದ ಮೇಲೆ ಎರಡು ಮನೆಗೆ ಗೊತ್ತು. ಮುಂಬ್ರಾದಿಂದ ಎಂಟು ಜನ ಒಳ್ಳೆ ಬಟ್ಟೆ ಹಾಕಿಕೊಂಡು, ದಾದರ್‌ನಲ್ಲಿ ರೈಲು ಬದಲಿಸಿ, ಹಣ್ಣು ಮಿಠಾಯಿ ಹಿಡಿದು ಮೀರಾ ರೋಡಿನಲ್ಲಿ ಇಳಿದ ಮೇಲೆ ಎರಡೂ ಕಟ್ಟಡಗಳಿಗೆ ಗೊತ್ತು. ಆಮೇಲೆ ಬೇಡ ಅಂದರೆ, ಹುಡುಗ ನೋಡಲು ಚೆನ್ನಾಗಿಲ್ಲ ಅಂದ ಹಾಗೆಯೇ ಕೇಳಿಸುತ್ತದೆ, ನೀವು ಏನೇ ಹೇಳಿ.

ಆ ರಾತ್ರಿ ಬಾಪ, ಉಮ್ಮ, ಮಗಳು ಮೂವರೂ ಕೂತು ಮಾತಾಡಿದರು. ಮೊದಲ ಪ್ರಶ್ನೆ, ಕಾರಣ ಹೇಳಬೇಕೇ? ಮಗಳು ಅಂದಳು, ಕೆಲಸಕ್ಕೆ ಬಿಡುವುದಿಲ್ಲವಲ್ಲ, ಅದನ್ನೇ ಹೇಳಿ. ಉಮ್ಮ ಒಂದು ಪ್ರಶ್ನೆ ಕೇಳಿದರು. ಅದನ್ನು ನೀವೂ ನೆನಪಿಟ್ಟುಕೊಳ್ಳಿ, ಬಹಳ ಕೆಲಸಕ್ಕೆ ಬರುತ್ತದೆ: "ನಾಳೆ ಅವರು ಕೆಲಸಕ್ಕೆ ಹೋಗಲಿ ಅಂದರೆ ನೀನು ಒಪ್ತೀಯಾ?" ಮಗಳು ಸ್ವಲ್ಪ ಹೊತ್ತು ಯೋಚಿಸಿ ಇಲ್ಲ ಅಂದಳು. ಹಾಗಾದರೆ ಕೆಲಸ ಕಾರಣವಲ್ಲ. ಹೌದು ಅಂದಿದ್ದರೆ ಅದು ನಿರಾಕರಣೆಯೇ ಅಲ್ಲ, ಒಂದು ಷರತ್ತು, ಕಾಕನ ಮೂಲಕ ಕೇಳಿ ನೋಡಬೇಕಾದ ಮಾತು. ನಿಜವಲ್ಲದ ಕಾರಣವನ್ನು ಮುಂದಿಟ್ಟರೆ, ಒಳ್ಳೆಯ ಮನಸ್ಸಿನ ಜನ ಆ ಕಾರಣವನ್ನು ಸರಿಪಡಿಸಿಕೊಂಡು ಬಂದುಬಿಡುತ್ತಾರೆ. ಆಗ ಎಲ್ಲಿಗೆ ಓಡುವುದು?

ಕಾರಣ ಹೇಳದಿರುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಬಾಪ ಹೇಳಿದ ಮಾತು ಕಾಕನಿಗೆ, ಕಾಕನಿಂದ ಅವರ ಹೆಂಡತಿಗೆ, ಅವರಿಂದ ತಂಗಿಗೆ, ತಂಗಿಯಿಂದ ಹುಡುಗನಿಗೆ ಹೋಗುತ್ತದೆ. ಮಾತು ನಾಲ್ಕು ಕಿವಿ ದಾಟಬೇಕು. "ಮಗಳಿಗೆ ಕೆಲಸ ಬಿಡಲು ಇಷ್ಟವಿಲ್ಲ" ಎಂದು ಹೊರಟ ಮಾತು ಮುಂಬ್ರಾ ತಲುಪುವಾಗ "ನಿಮ್ಮ ಮನೆಯಲ್ಲಿ ಹೆಣ್ಮಕ್ಕಳನ್ನು ಕೂಡಿಹಾಕ್ತೀರಂತೆ" ಎಂದಾಗಿರುತ್ತದೆ. ಯಾರೂ ಬೇಕೆಂದು ತಿರುಚುವುದಿಲ್ಲ. ಉದ್ದದ ಮಾತು ದಾರಿಯಲ್ಲಿ ಸವೆಯುತ್ತದೆ ಅಷ್ಟೇ. ಚಿಕ್ಕ ಮಾತು ಹಾಗೆಯೇ ತಲುಪುತ್ತದೆ.

ನಮ್ಮ ಕರಾವಳಿಯ ಶಾಫಿಈ ಮದ್ರಸಗಳಲ್ಲಿ ಓದಿದವರಿಗೆ ಇಮಾಮ್ ನವವಿ ಅಪರಿಚಿತರಲ್ಲ. ಮದುವೆಯ ವಿಷಯದಲ್ಲಿ ಸಲಹೆ ಕೇಳಿದಾಗ ಒಬ್ಬರ ದೋಷ ಹೇಳುವುದು ಗೀಬತ್ ಆಗುವುದಿಲ್ಲ ಎಂದು ಅವರು ಬರೆದಿದ್ದಾರೆ. ಇದನ್ನು ಎಲ್ಲರೂ ನೆನಪಿಡುತ್ತಾರೆ. ಅದಕ್ಕೆ ಅವರು ಹಾಕಿದ ಮಿತಿಯನ್ನು ಮಾತ್ರ ಮರೆಯುತ್ತಾರೆ: ಈ ಸಂಬಂಧ ನಿಮಗೆ ಹೊಂದುವುದಿಲ್ಲ ಎಂಬಷ್ಟರಲ್ಲೇ ಉದ್ದೇಶ ಈಡೇರುವುದಾದರೆ, ಅದಕ್ಕಿಂತ ಹೆಚ್ಚು ದೋಷ ಹೇಳುವುದು ಸಲ್ಲದು. ನಿರಾಕರಿಸುವ ಮನೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಎರಡನೆಯ ಪ್ರಶ್ನೆ, "ಬೇಡ" ಯಾರ ಹೆಸರಿನಲ್ಲಿ ಹೋಗಬೇಕು? ಬಾಪನಿಗೆ ಸುಲಭವಾಗಿ ಕಂಡದ್ದು, "ಏನು ಮಾಡುವುದು ಕಾಕಾ, ನನಗೇನೋ ಇಷ್ಟ, ಮಗಳು ಒಪ್ಪುತ್ತಿಲ್ಲ" ಎನ್ನುವುದು. ದಯವಿಟ್ಟು ಹಾಗೆ ಹೇಳಬೇಡಿ. ಅದರಿಂದ ಬಾಪ ಒಳ್ಳೆಯವರಾಗುತ್ತಾರೆ, ಮಗಳು ಹಠಮಾರಿಯಾಗುತ್ತಾಳೆ. ಮರುದಿನದಿಂದ "ಆಫೀಸಿಗೆ ಹೋಗುವ ಹುಡುಗಿ, ಯಾರಾದರೂ ಇರಬೇಕು" ಎಂಬ ಪಿಸುಮಾತು ಶುರುವಾಗುತ್ತದೆ. ಜೊತೆಗೆ, ಬಾಪ ಒಪ್ಪಿದ್ದಾರಲ್ಲ, ಮಗಳನ್ನು ಒಪ್ಪಿಸಿದರಾಯಿತು ಎಂದು ಕಾಕನೇ ಬುದ್ಧಿ ಹೇಳಲು ಬಂದುಬಿಡುತ್ತಾರೆ. ಮಗಳ ಮಾತು ಕೇಳಿದ ಮೇಲೆ ತೀರ್ಮಾನ ಮನೆಯದ್ದು. ಆದ್ದರಿಂದ "ನಾವು" ಎನ್ನಬೇಕು. ಇದು ಸುಳ್ಳಲ್ಲ. ಅವಳ ಮನಸ್ಸಿಲ್ಲದೆ ಮುಂದುವರಿಯುವುದಿಲ್ಲ ಎಂಬುದು ನಿಜಕ್ಕೂ ಬಾಪ-ಉಮ್ಮನ ತೀರ್ಮಾನವೇ ತಾನೆ?

ಮೂರನೆಯದು, ಎಲ್ಲಿ, ಹೇಗೆ ಹೇಳುವುದು. ಸಂಬಂಧ ಯಾವ ದಾರಿಯಲ್ಲಿ ಬಂತೋ ಉತ್ತರವೂ ಅದೇ ದಾರಿಯಲ್ಲಿ ಹೋಗಬೇಕು. ಹುಡುಗನ ಮನೆಗೆ ನೇರವಾಗಿ ಫೋನ್ ಮಾಡಿದರೆ ಕಾಕನನ್ನು ಬದಿಗೆ ಸರಿಸಿದಂತೆ. ಮಗಳು ಹುಡುಗನಿಗೆ ಮೆಸೇಜ್ ಹಾಕಿದರೆ ಎರಡೂ ಮನೆಯ ಹಿರಿಯರನ್ನು ಬದಿಗೆ ಸರಿಸಿದಂತೆ. ಕಾಕ ಮನೆತನಕ ಬಂದು ಸಂಬಂಧ ಹೇಳಿದ್ದರಿಂದ, ಬಾಪ ಅವರ ಮನೆತನಕ ಹೋಗಿ ಉತ್ತರ ಹೇಳಬೇಕು. ಹೋಗುವ ಮೊದಲು ಫೋನ್ ಮಾಡಿ "ಸ್ವಲ್ಪ ಮಾತಾಡಲಿಕ್ಕಿದೆ, ನೀವೊಬ್ಬರೇ ಸಿಗ್ತೀರಾ" ಎಂದು ಕೇಳಬೇಕು. ಹೆಂಡತಿ, ಸೊಸೆ ಎಲ್ಲರ ಎದುರು ಹೇಳಿದರೆ ಕಾಕ ತಮ್ಮ ಮರ್ಯಾದೆಗಾಗಿ ವಾದ ಮಾಡಲೇಬೇಕಾಗುತ್ತದೆ. ಒಬ್ಬರೇ ಇದ್ದರೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವ ಅವಕಾಶವಿರುತ್ತದೆ.

ಬಾಪ ಡೋಂಗ್ರಿಗೆ ಹೋದರು. ಅಸರ್ ನಮಾಝಿನ ನಂತರ ಮಸೀದಿಯಿಂದ ಇಬ್ಬರೂ ಒಟ್ಟಿಗೆ ನಡೆದು ಬರುವಾಗ ಹೇಳಿದರು. ಅವರು ಹೇಳಿದ್ದು ಸುಮಾರು ಹೀಗಿತ್ತು:

"ಕಾಕಾ, ಮೊದಲು ನನ್ನನ್ನು ಮಾಫ್ ಮಾಡಿ. ಇದನ್ನು ಎರಡು ತಿಂಗಳ ಹಿಂದೆಯೇ ಹೇಳಬೇಕಿತ್ತು, ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ. ನನ್ನ ಮಗಳನ್ನು ನಿಮ್ಮ ಮಗಳು ಅಂತ ತಿಳಿದು ನೀವು ಈ ಸಂಬಂಧ ತಂದಿರಿ, ಅದು ನನಗೆ ಗೊತ್ತು. ನಾವು ಮನೆಯವರು ಕೂತು ಮಾತಾಡಿದೆವು. ಮುಂದುವರಿಯುವುದು ಬೇಡ ಅಂತ ತೀರ್ಮಾನಿಸಿದ್ದೇವೆ. ಹುಡುಗನ ಬಗ್ಗೆ, ಆ ಮನೆಯ ಬಗ್ಗೆ ನಮಗೆ ಒಂದು ಕೆಟ್ಟ ಮಾತಿಲ್ಲ. ಅವರು ನಮಗೋಸ್ಕರ ಕಾಯುವುದು ಬೇಡ, ಬೇರೆ ಕಡೆ ನೋಡಲಿ. ನೀವು ಅವರಿಗೆ ಇಷ್ಟು ಹೇಳಿದರೆ ಸಾಕು."

ಈ ಮಾತಿನಲ್ಲಿ ಏನೇನಿದೆ ನೋಡಿ. ತಡವಾದದ್ದಕ್ಕೆ ಕ್ಷಮೆ ಇದೆ, ಬೇಡ ಎಂದದ್ದಕ್ಕೆ ಕ್ಷಮೆ ಇಲ್ಲ. ಬೇಡವೆನ್ನುವುದು ತಪ್ಪಲ್ಲ, ಹಾಗಾಗಿ ಅದಕ್ಕೆ ಕ್ಷಮೆ ಕೇಳಿದರೆ ಚೌಕಾಸಿಗೆ ಬಾಗಿಲು ತೆರೆದಂತಾಗುತ್ತದೆ. ಕಾಕನ ಉದ್ದೇಶಕ್ಕೆ ಗೌರವ ಇದೆ. "ಸದ್ಯಕ್ಕೆ", "ಈಗಲೇ", "ಇನ್ನೊಮ್ಮೆ ನೋಡುವ" ಎಂಬ ಪದಗಳಿಲ್ಲ. ಈ ಮೂರು ಪದಗಳು ಕೇಳುವವರ ಕಿವಿಯಲ್ಲಿ "ಹೌದು" ಎಂದೇ ಬೀಳುತ್ತವೆ. ಮತ್ತು "ಕಾಯುವುದು ಬೇಡ" ಎಂಬ ಮಾತು ಕೇಳಲು ಒರಟಾಗಿ ಕಂಡರೂ, ಎದುರಿನ ಮನೆಗೆ ಅದರಷ್ಟು ಉಪಕಾರದ ಮಾತು ಬೇರೆ ಇಲ್ಲ.

ಕಾಕ ಕೇಳಿದರು, "ಏನು ಕಮ್ಮಿ ಆಯ್ತು ಹುಡುಗನಲ್ಲಿ?" ಕೇಳಿಯೇ ಕೇಳುತ್ತಾರೆ, ತಯಾರಾಗಿ ಹೋಗಿ. ಬಾಪ, "ಕಮ್ಮಿ ಏನಿಲ್ಲ ಕಾಕಾ, ನಮ್ಮ ಮಗಳಿಗೆ ಹೊಂದುವುದಿಲ್ಲ ಅಂತ ಅನಿಸಿತು" ಅಂದರು. ಎರಡನೇ ಸಲ ಕೇಳಿದಾಗಲೂ ಅದನ್ನೇ, ಅದೇ ಪದಗಳಲ್ಲಿ ಅಂದರು. ಮೂರನೇ ಸಲ ಕೇಳಿದಾಗಲೂ ಅದೇ. ಇದು ಕಷ್ಟ. ಒಂದೇ ಮಾತನ್ನು ಮೂರು ಸಲ ಹೇಳುವಾಗ ನಾವು ಮೂರ್ಖರಂತೆ ಕಾಣುತ್ತೇವೆ ಅನಿಸುತ್ತದೆ, ಏನಾದರೂ ಹೊಸದು ಸೇರಿಸೋಣ ಅನಿಸುತ್ತದೆ. ಆ ಹೊಸದೇ ಎಡವಟ್ಟು. ಕಾಕ ಕೊನೆಗೆ ಆ ಮಾತನ್ನೂ ಅಂದರು: "ನಿನ್ನನ್ನು ಈ ಶಹರಕ್ಕೆ ತಂದವನು ನಾನು." ಬಾಪನ ಕಣ್ಣಲ್ಲಿ ನೀರು ಬಂತಂತೆ. "ಹೌದು ಕಾಕಾ, ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ. ನನ್ನಿಂದ ಏನು ಬೇಕಾದರೂ ಕೇಳಿ. ಇದು ಅವಳ ಬದುಕು, ನನ್ನ ಸಾಲಕ್ಕೆ ಅವಳನ್ನು ಕೊಡಲಾಗುವುದಿಲ್ಲ." ಕಾಕ ಬೇರೆ ಮಾತಾಡಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಮುಂಬ್ರಾಕ್ಕೆ ಮಾತು ತಲುಪಿದ್ದು ಎರಡು ದಿನದಲ್ಲಿ: "ಹುಡುಗನ ಬಗ್ಗೆ ಏನೂ ಇಲ್ಲ, ಅವರು ಮುಂದುವರಿಸುವುದಿಲ್ಲವಂತೆ, ನೀವು ಬೇರೆ ನೋಡಿ." ಹೆಚ್ಚುಕಡಿಮೆ ಹೊರಟ ಹಾಗೆಯೇ ತಲುಪಿತ್ತು.

ಇದಾದ ಮೇಲೆ ಸಣ್ಣಪುಟ್ಟ ಕೆಲಸಗಳಿರುತ್ತವೆ. ಹುಡುಗನ ಫೋಟೋ, ಬಯೋಡೇಟಾ ನಿಮ್ಮ ಫೋನಿನಲ್ಲಿದ್ದರೆ ಅಳಿಸಿ, ಅಳಿಸಿದ್ದೇವೆ ಎಂದು ಕಾಕನಿಗೆ ತಿಳಿಸಿ. ನಿಮ್ಮ ಮಗಳದ್ದನ್ನೂ ಅಳಿಸಲು ಕೇಳಿಕೊಳ್ಳಿ. ಬೇಡವೆಂದ ಹುಡುಗನ ಬಯೋಡೇಟಾವನ್ನು "ನಮಗೆ ಆಗಲಿಲ್ಲ, ನಿಮಗೆ ಆಗಬಹುದು" ಎಂದು ಕೇಳದೆಯೇ ಬೇರೆಯವರಿಗೆ ಫಾರ್ವರ್ಡ್ ಮಾಡುವ ಉಪಕಾರ ಬೇಡವೇ ಬೇಡ. ಆ ಮನೆಯಿಂದ ಬೆಲೆಬಾಳುವ ಉಡುಗೊರೆ ಬಂದಿದ್ದರೆ ಬಂದ ದಾರಿಯಲ್ಲೇ ಮರಳಿಸಿ. ತಿಂದು ಮುಗಿದ ಮಿಠಾಯಿಯ ಲೆಕ್ಕ ಇಡಬೇಕಾಗಿಲ್ಲ.

ಹುಡುಗನ ಕಡೆಯವರಿಗೂ ಒಂದು ಮಾತು. ನೀವು ಹೆಣ್ಣು ನೋಡಿ, ಬಿರಿಯಾನಿ ತಿಂದು, "ಮನೆಗೆ ಹೋಗಿ ತಿಳಿಸ್ತೇವೆ" ಅಂದು ಹೋಗುತ್ತೀರಿ. ಆಮೇಲೆ ಫೋನೇ ಎತ್ತುವುದಿಲ್ಲ. ಇದನ್ನು ಯಾರೂ ನಿರಾಕರಣೆ ಎನ್ನುವುದೂ ಇಲ್ಲ, ಅಷ್ಟು ಅಭ್ಯಾಸವಾಗಿಬಿಟ್ಟಿದೆ. ಮೇಲೆ ಹೇಳಿದ ಮಾತು ನಿಮಗೂ ಅನ್ವಯ, ಒಂದು ವಾರದೊಳಗೆ, ಅದೇ ಮಧ್ಯಸ್ಥರ ಮೂಲಕ. ಹುಡುಗಿಯ ಬಣ್ಣ, ಎತ್ತರ, ವಯಸ್ಸಿನ ಬಗ್ಗೆ ಒಂದಕ್ಷರವೂ ಇಲ್ಲದೆ.

ಈ ಮೆದು ಮಾತು ಎಲ್ಲ ಕಡೆ ಸಾಲುವುದಿಲ್ಲ ಎಂಬುದನ್ನೂ ಹೇಳಬೇಕು. ಹುಡುಗ ಕುಡಿಯುತ್ತಾನೆ, ಹಿಂದಿನ ಹೆಂಡತಿಗೆ ಹೊಡೆದಿದ್ದ ಎಂಬಂಥದ್ದು ಖಚಿತವಾಗಿ ತಿಳಿದು ನೀವು ಬೇಡವೆಂದಿದ್ದರೆ, ಕಾಕನಿಗೆ ಏಕಾಂತದಲ್ಲಿ ಅದನ್ನು ಹೇಳಿ. ಇಲ್ಲದಿದ್ದರೆ ಅವರು ಅದೇ ಸಂಬಂಧವನ್ನು ಇನ್ನೊಬ್ಬ ಬಡವನ ಮಗಳಿಗೆ ಕೊಂಡೊಯ್ಯುತ್ತಾರೆ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಪ್ರಸ್ತಾಪಗಳ ಬಗ್ಗೆ ಕೇಳಿದಾಗ ಪ್ರವಾದಿ(ಸ)ರು, ಒಬ್ಬರು ಹೆಗಲಿನಿಂದ ಕೋಲು ಇಳಿಸುವವರಲ್ಲ, ಇನ್ನೊಬ್ಬರ ಬಳಿ ಹಣವಿಲ್ಲ ಎಂದು ನೇರವಾಗಿಯೇ ಹೇಳಿದ್ದರು. ಅಲ್ಲಿ ಮುಚ್ಚಿಡುವುದು ಸೌಜನ್ಯವಾಗುತ್ತಿರಲಿಲ್ಲ. ಆದರೆ ಅದು ಕೇಳಿದವರಿಗೆ, ಬೇಕಾದಷ್ಟೇ, ಗೊತ್ತಿದ್ದಷ್ಟೇ.

ಇನ್ನು ಮನೆಯೊಳಗೇ ಬಲವಂತ ಇದ್ದರೆ, ಹಿರಿಯರ ಮರ್ಯಾದೆಗಾಗಿ ಮಗಳನ್ನು ಒಪ್ಪಿಸಲು ಬೆದರಿಸುತ್ತಿದ್ದರೆ, ಪದಗಳನ್ನು ಮೆತ್ತಗೆ ಜೋಡಿಸುವ ಈ ಲೇಖನದಿಂದ ಪ್ರಯೋಜನವಿಲ್ಲ. ಖನ್ಸಾ ಬಿಂತ್ ಖಿದಾಮ್(ರ) ಅವರ ಇಷ್ಟಕ್ಕೆ ವಿರುದ್ಧವಾಗಿ ತಂದೆ ಮಾಡಿಸಿದ ಮದುವೆಯನ್ನು ಪ್ರವಾದಿ(ಸ)ರು ರದ್ದುಗೊಳಿಸಿದರು, ಅದೂ ಬುಖಾರಿಯಲ್ಲಿಯೇ ಇದೆ. ಅಂಥಲ್ಲಿ ಮಾವನೋ, ಅಣ್ಣನೋ, ಮಸೀದಿಯ ಉಸ್ತಾದರೋ, ಮನೆಯವರು ಮಾತು ಕೇಳುವ ಒಬ್ಬರನ್ನು ನಿಕಾಹ್‌ನ ದಿನಾಂಕ ನಿಗದಿಯಾಗುವ ಮೊದಲೇ ಹಿಡಿಯಬೇಕು.

ಮೀರಾ ರೋಡಿನ ಮನೆಗೆ ಕಾಕ ಎರಡು ತಿಂಗಳು ಬರಲಿಲ್ಲ. ಬಾಪ ಮಾತ್ರ ಪ್ರತಿ ಶುಕ್ರವಾರ ಎಂದಿನಂತೆ ಫೋನ್ ಮಾಡುತ್ತಿದ್ದರು. ಕಾಕ ಚುಟುಕಾಗಿ ಮಾತಾಡಿ ಇಡುತ್ತಿದ್ದರು, ಬಾಪ ಅದನ್ನು ಗಮನಿಸದವರಂತೆ ಮರು ಶುಕ್ರವಾರ ಮತ್ತೆ ಮಾಡುತ್ತಿದ್ದರು. ಈದ್ ದಿನ ಬಾಪ, ಉಮ್ಮ, ಮಗಳು ಮೂವರೂ ಡೋಂಗ್ರಿಗೆ ಹೋದರು. ಹೋಗುವುದೋ ಬೇಡವೋ ಎಂದು ಮಗಳಿಗೆ ಹಿಂಜರಿಕೆ ಇತ್ತು, ಆ ಹುಡುಗನ ಉಮ್ಮ ಅಲ್ಲಿರಬಹುದು ಎಂದು. ಇದ್ದರು ಕೂಡ. ಅವರು ಮಗಳನ್ನು ಕರೆದು ಹತ್ತಿರ ಕೂರಿಸಿಕೊಂಡು, ಆಫೀಸು ಎಲ್ಲಿ, ರೈಲಿನಲ್ಲಿ ಕೂರಲು ಸೀಟು ಸಿಗುತ್ತದಾ ಎಂದು ಕೇಳಿದರು. ತಮ್ಮ ಮಗನಿಗೆ ಕಲ್ಯಾಣ್ ಕಡೆ ಒಂದು ಸಂಬಂಧ ನೋಡಿದ್ದೇವೆ, ದುಆ ಮಾಡು ಅಂದರು. ಹೊರಡುವಾಗ ಕಾಕ ಈದಿಯ ನೂರರ ನೋಟನ್ನು ಅವಳ ಕೈಗಿಟ್ಟು, ಬಾಪನ ಕಡೆ ನೋಡದೆ, "ಮುಂದಿನ ಭಾನುವಾರ ಬರ್ತೇನೆ, ಇರಿ ಮನೆಯಲ್ಲಿ" ಅಂದರು.